ಮಲಕಪ್ಪನ ಮಣೆ ಹೇಳಿದ ಸಾಕ್ಷಿ

ಮಲಕಪ್ಪನಿಗೆ ಸಿಟ್ಟು ಬರುವುದು ಎರಡೇ ಮಾತಿಗೆ. ತನ್ನೂರು ಇಂಡಿಯ ನಿಂಬೆಹಣ್ಣಿಗಿಂತ ಬೇರೆ ಊರಿನ ನಿಂಬೆಹಣ್ಣು ಚಲೋ ಅಂದರೆ ಒಂದು, ಅವನ ಮಣೆ ತಪ್ಪು ಹೇಳುತ್ತದೆ ಅಂದರೆ ಇನ್ನೊಂದು. ಮೊದಲನೆಯದಕ್ಕೆ ಪುಣೆಯಲ್ಲಿ ಯಾರೂ ವಾದಕ್ಕೆ ಬರುವುದಿಲ್ಲ, ಇಲ್ಲಿಯವರಿಗೆ ಇಂಡಿ ಎಲ್ಲಿದೆ ಅಂತಲೇ ಗೊತ್ತಿಲ್ಲ. ಎರಡನೆಯದನ್ನು ಇಪ್ಪತ್ತೆರಡು ವರ್ಷ ಯಾರೂ ಬಾಯಿ ಬಿಟ್ಟು ಆಡಿರಲಿಲ್ಲ. ಆ ಮಾತು ಎದ್ದದ್ದು ಅವನ ಹೆಂಡತಿ ಪಾರವ್ವನ ಒಬ್ಬನೇ ತಮ್ಮ ಸುಂದರನ ಸಲುವಾಗಿ.

ಮಲಕಪ್ಪ ದೊಡ್ಡ ಓದು ಓದಿದವನಲ್ಲ. ಇಂಡಿಯಲ್ಲಿ ಐಟಿಐ ಮುಗಿಸಿ, ಸೊಲ್ಲಾಪುರದಲ್ಲಿ ಎರಡು ವರ್ಷ ರೇಡಿಯೋ ರಿಪೇರಿ ಮಾಡಿ, ಪುಣೆಗೆ ಬಂದು ನರ್ಹೆಯ ಒಂದು ತಗಡಿನ ಶೆಡ್ಡು ಸೇರಿದ. ಅಲ್ಲಿ ಶೀತಪೆಟ್ಟಿಗೆಗಳ ಉಷ್ಣತೆ ಬರೆದಿಡುವ ಯಂತ್ರಗಳನ್ನು ಮಾಡುತ್ತಾರೆ. ಅಂಗೈಯಗಲದ ಡಬ್ಬಿ ಪೆಟ್ಟಿಗೆಯ ಹೊರಗಿನ ಗೋಡೆಗೆ ಅಂಟಿಕೊಂಡಿರುತ್ತದೆ. ಅದರಿಂದ ಒಂದು ಸಣ್ಣ ತಂತಿ ಒಳಗೆ ಹೋಗಿರುತ್ತದೆ. ಒಳಗಿನ ಉಷ್ಣತೆ ಡಬ್ಬಿಯ ಮುಖದ ಸಣ್ಣ ಗಾಜಿನಲ್ಲಿ ಸದಾ ಕಾಣುತ್ತಿರುತ್ತದೆ, ಅರ್ಧ ಗಂಟೆಗೊಮ್ಮೆ ಅದು ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತದೆ. ಔಷಧದ ಅಂಗಡಿ, ಹಾಲಿನ ಡೇರಿ, ರಕ್ತದ ಚೀಲ ಇಡುವ ಆಸ್ಪತ್ರೆ, ಎಲ್ಲ ಕಡೆ ಅವರ ಡಬ್ಬಿ. ಶೆಡ್ಡಿನಿಂದ ಹೊರಡುವ ಪ್ರತಿಯೊಂದು ಡಬ್ಬಿಯನ್ನೂ ಕೊನೆಯದಾಗಿ ಪರೀಕ್ಷೆ ಮಾಡಿ ಠಸ್ಸೆ ಒತ್ತುವವನು ಮಲಕಪ್ಪ. ಠಸ್ಸೆಯ ನಡುವೆ ಅವನ ಹೆಸರಿನ ಮೊದಲಕ್ಷರ ಇತ್ತು. ಅದನ್ನು ನೋಡಿ ಪಾರವ್ವ ಒಮ್ಮೆ, ‘ನೌಕರಿ ತಹಶೀಲ್ದಾರಂದೇನು?’ ಎಂದು ಕೇಳಿ ನಕ್ಕಿದ್ದಳು.

ಆ ಪರೀಕ್ಷೆ ನಡೆಯುವುದು ಮಣೆಯ ಮೇಲೆ. ಹಳೆಯ ಮಾಲೀಕರಿದ್ದ ಕಾಲದಲ್ಲಿ, ಮಾರುಕಟ್ಟೆಯ ಪರೀಕ್ಷಾ ಉಪಕರಣ ಕೊಳ್ಳಲು ಕಂಪನಿಗೆ ಶಕ್ತಿ ಇರಲಿಲ್ಲ. ಮಲಕಪ್ಪ ಮನೆಯಿಂದ ಪಾರವ್ವನ ಬಿರುಕುಬಿಟ್ಟ ಚಪಾತಿ ಮಣೆ ಎತ್ತಿಕೊಂಡು ಹೋದ. ಅದಕ್ಕೆ ತೂತು ಕೊರೆದು, ಸ್ಪ್ರಿಂಗ್ ಇರುವ ಹಿತ್ತಾಳೆಯ ಸೂಜಿಗಳನ್ನು ನಿಲ್ಲಿಸಿದ. ಸೂಜಿಗಳಿಂದ ಒಂದು ಪಟ್ಟಿ ಕೇಬಲ್ಲನ್ನು ಪರೀಕ್ಷೆಯ ಪೆಟ್ಟಿಗೆಗೆ ಎಳೆದ. ಡಬ್ಬಿಯ ಒಳಗಿನ ಸರ್ಕ್ಯೂಟ್ ಹಲಗೆಯನ್ನು ಸೂಜಿಗಳ ಮೇಲೆ ಒತ್ತಿದರೆ ಸಾಕು, ಅದರೊಳಗೆ ಹರಿಯುವ ಅಂಕಿಗಳೆಲ್ಲ ಪರದೆಯ ಮೇಲೆ ಕಾಣುತ್ತಿದ್ದವು. ಹಳೆಯ ಮಾಲೀಕರು ಅದನ್ನು ನೋಡಿ ಬೆನ್ನು ತಟ್ಟಿದ್ದರು. ಅವರು ಹೋದ ಮೇಲೆ ಕಂಪನಿ ಮಗಳು ಶರ್ವರಿಯ ಕೈಗೆ ಬಂತು, ಹೊಸ ಯಂತ್ರಗಳು ಬಂದವು, ಆದರೆ ಕೊನೆಯ ಪರೀಕ್ಷೆ ಮಾತ್ರ ಮಣೆಯ ಮೇಲೆಯೇ ಉಳಿಯಿತು.

ಸುಂದರ ಮೆತ್ತಗಿನ ಮನುಷ್ಯ. ಹೆಂಡತಿ ಮಾಧುರಿಯ ತವರು ದೌಂಡ, ಹೀಗಾಗಿ ಅಲ್ಲೇ ಮನೆ ಮಾಡಿಕೊಂಡಿದ್ದ. ದೌಂಡದ ಒಂದು ಧರ್ಮಾರ್ಥ ಆಸ್ಪತ್ರೆಗೆ ಡಬ್ಬಿ ಹಚ್ಚಲು ಹೋದಾಗ ಮಲಕಪ್ಪ ಅಲ್ಲಿಯ ವ್ಯವಸ್ಥಾಪಕ, ಕನ್ನಡ ಬಲ್ಲ ಭುಜಂಗರಾವರ ಗುರುತು ಮಾಡಿಕೊಂಡ. ಅವರಿಗೆ ಹೇಳಿ ಮೈದುನನನ್ನು ರಕ್ತದ ಶೀತಪೆಟ್ಟಿಗೆಯ ರಾತ್ರಿ ಪಾಳಿಗೆ ಸೇರಿಸಿದ. ಪಗಾರ ಕಡಿಮೆ. ಆದರೆ ಸುಂದರನಿಗೆ ಅದು ದೇವರ ಗುಡಿಯ ಕೆಲಸ. ‘ಮಾಮಾ, ನಾ ಕಾಯೂದು ಫ್ರಿಜ್ ಅಲ್ರಿ, ಜೀವಾ ಕಾಯತೀನಿ’ ಅನ್ನುತ್ತಿದ್ದ. ಮಲಕಪ್ಪ ಆ ಮಾತನ್ನು ನರ್ಹೆಯ ಶೆಡ್ಡಿನಲ್ಲಿ ಹತ್ತು ಜನಕ್ಕಾದರೂ ಹೇಳಿದ್ದ.

ಕಳೆದ ಜನವರಿಯಲ್ಲಿ ದೌಂಡಕ್ಕೆ ಹಲ್ಲು ಕಟಕಟಿಸುವ ಚಳಿ ಬಿತ್ತು. ರಕ್ತ ಇಡುವ ಪೆಟ್ಟಿಗೆ ಎರಡರಿಂದ ಆರು ಡಿಗ್ರಿ ಒಳಗೆ ಇರಬೇಕು. ಒಂದು ಬೆಳಿಗ್ಗೆ ಸುರುಳಿ ಬಿಚ್ಚಿ ನೋಡಿದರೆ, ರಾತ್ರಿಯೆಲ್ಲ ನಾಲ್ಕು ಡಿಗ್ರಿ ಇದ್ದದ್ದು ಬೆಳಗಿನ ಜಾವ ಐದರಿಂದ ಏಳರವರೆಗೆ ಎಂಟು ದಾಟಿತ್ತು. ಬಿಸಿಲು ಏರಿದ ಮೇಲೆ ಮತ್ತೆ ನಾಲ್ಕು. ಮರುದಿನವೂ ಹಾಗೆಯೇ. ಏಳು ದಿನ ಹೀಗಾಯಿತು, ಏಳೂ ದಿನ ಸುಂದರನ ಪಾಳಿ. ‘ಒಳಗಿನ ಮುಳ್ಳು ನಾಕs ತೋರಿಸ್ತದ್ರಿ’ ಎಂದ ಸುಂದರ. ಪೆಟ್ಟಿಗೆಯ ಒಳಗೆ ಒಂದು ಮುಳ್ಳಿನ ಥರ್ಮಾಮೀಟರು ಇತ್ತು. ‘ಒಳಗಿನದು ನಿನಗೆ ಹ್ಯಾಂಗ ಕಾಣ್ತು? ಅಂದರೆ ನೀನೇ ಬಾಗಿಲಾ ತಗದೀ?’ ಎಂದರು ಭುಜಂಗರಾವ್. ಅವನು ತೆಗೆದಿದ್ದ, ನಿಜ. ಡಬ್ಬಿ ಎಂಟು ತೋರಿಸಿದ್ದಕ್ಕೆ ಗಾಬರಿಯಾಗಿ ಮುಳ್ಳು ನೋಡಲು ತೆಗೆದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಯಿತು ಅವನ ಕಥೆ.

ಏಳನೆಯ ದಿನ ಇಪ್ಪತ್ತಮೂರು ಚೀಲ ರಕ್ತವನ್ನು ಹೊರಗೆಸೆದರು. ಅದೇ ಮಧ್ಯಾಹ್ನ ಹೆರಿಗೆಗೆ ಬಂದ ಒಬ್ಬ ಹೆಣ್ಣುಮಗಳಿಗೆ ರಕ್ತ ಬೇಕಾಯಿತು, ಅವಳ ಗುಂಪಿನ ಚೀಲ ಒಂದೂ ಉಳಿದಿರಲಿಲ್ಲ. ಪುಣೆಗೆ ಸಾಗಿಸಿದರು. ಅವಳು ದಾರಿಯಲ್ಲೇ ಹೋದಳು. ಊರೆಲ್ಲ ಸುಂದರನ ಹೆಸರು ಹಿಡಿದು ಉಗುಳಿತು.

ಭುಜಂಗರಾವ್ ನ್ಯಾಯವಂತರೇ. ಸುಮ್ಮನೆ ಮನುಷ್ಯನನ್ನು ತೆಗೆಯಬಾರದು ಎಂದು ಡಬ್ಬಿಯನ್ನು ಬಿಚ್ಚಿ ನರ್ಹೆಗೆ ಕಳಿಸಿದರು. ‘ಯಂತ್ರದಲ್ಲಿ ದೋಷ ಇದೆಯೇ, ಬರೆದು ಕೊಡಿ’ ಎಂದು ಪತ್ರ ಇಟ್ಟರು. ಪತ್ರ ಬಂದದ್ದು ಮಲಕಪ್ಪನ ಮೇಜಿಗೆ.

ಮಲಕಪ್ಪ ಎರಡು ದಿನ ಡಬ್ಬಿಯ ಹಲಗೆಯನ್ನು ಮಣೆಯ ಮೇಲೆ ಒತ್ತಿ ನೋಡಿದ. ತಂತಿಯನ್ನು ಬರ್ಫದ ನೀರಲ್ಲಿ ಇಟ್ಟ, ಸೊನ್ನೆ. ಬೆಚ್ಚಗಿನ ನೀರಲ್ಲಿ ಇಟ್ಟ, ಮೂವತ್ತೇಳು. ಫ್ರಿಜ್ಜಿನಲ್ಲಿ ಇಟ್ಟ, ನಾಲ್ಕು. ಕೂದಲೆಳೆಯಷ್ಟು ತಪ್ಪಿಲ್ಲ. ಆ ಸಂಜೆ ಪಾರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

‘ಇನ್ನೊಮ್ಮೆ ನೋಡ್ರಲ್ಲ. ಸುಂದ್ರ ಸುಳ್ಳ ಹೇಳೂ ಪೈಕಿ ಅಲ್ಲ.’

‘ನನ್ನ ಮಣಿ ಸುಳ್ಳ ಹೇಳ್ತದೇನು ಹಂಗಾರ? ನಿಮ್ಮ ತಮ್ಮ ಬೆಳಗಿನ ಝಾವ ತೂಕಡಿಸ್ಯಾನ, ಬಾಗಿಲಾ ಹಾಕೂದು ಮರತಾನ. ಒಂದು ಬಾಣಂತಿ ಜೀವಾ ಹೋಗೇದ ಪಾರಿ, ನಾ ಯಾರ ಮಾರಿ ನೋಡಿ ಬರೀಲಿ?’

ಮಲಕಪ್ಪ ಮರುದಿನ ಬರೆದ: ‘ಯಂತ್ರದಲ್ಲಿ ಯಾವುದೇ ದೋಷವಿಲ್ಲ.’ ಕೆಳಗೆ ಠಸ್ಸೆ ಒತ್ತಿ, ಡಬ್ಬಿಯನ್ನು ದೌಂಡಕ್ಕೆ ತಿರುಗಿ ಕಳಿಸಿದ. ಮೈದುನನ ಮುಲಾಜು ನೋಡದೆ ಸತ್ಯ ಬರೆದೆ ಎಂದು ಎದೆ ಒಳಗೊಳಗೆ ಉಬ್ಬಿತ್ತು, ಅದನ್ನೂ ಹೇಳಿಬಿಡಬೇಕು. ಸುಂದರನ ನೌಕರಿ ಹೋಯಿತು. ಅಕ್ಕನ ಮನೆಗೆ ಬರುವುದನ್ನೂ ಬಿಟ್ಟ.

ಹತ್ತು ಹನ್ನೊಂದು ತಿಂಗಳು ಕಳೆದವು. ಡಿಸೆಂಬರಿನ ಒಂದು ದಿನ ಶೆಡ್ಡಿಗೆ ನೀರಿನ ಟ್ಯಾಂಕರು ಬೆಳಗಿನ ಆರಕ್ಕೇ ಬರುವುದಿತ್ತು, ಕೀಲಿ ತೆಗೆಯಲು ಮಲಕಪ್ಪ ಹೋದ. ಸಾಮಾನ್ಯವಾಗಿ ಒಂಬತ್ತರ ಮೊದಲು ಅಲ್ಲಿ ನರಪಿಳ್ಳೆ ಇರುವುದಿಲ್ಲ. ತಗಡಿನ ಶೆಡ್ಡು ಬಾವಿಯ ಹಾಗೆ ತಣ್ಣಗಿತ್ತು. ಗೋಡೆಯ ಹತ್ತಿರದ ಕಪಾಟಿನಲ್ಲಿ, ಕಳಿಸುವ ಮೊದಲು ಮೂರು ದಿನ ಸುಮ್ಮನೆ ಚಾಲೂ ಇಡುವ ಮೂವತ್ತು ಡಬ್ಬಿಗಳು ಸಾಲಾಗಿ ಕೂತಿದ್ದವು. ಮಲಕಪ್ಪ ಮಫ್ಲರು ಬಿಗಿದುಕೊಂಡು, ಎಷ್ಟು ಚಳಿ ಇದೆ ನೋಡೋಣ ಎಂದು ಕಣ್ಣು ಹಾಯಿಸಿದ. ಹನ್ನೊಂದು, ಹನ್ನೊಂದು, ಇಪ್ಪತ್ತೆರಡು, ಹನ್ನೊಂದು, ಇಪ್ಪತ್ತೆರಡು.

ಎಲ್ಲ ಡಬ್ಬಿಯ ತಂತಿಗಳೂ ಒಂದೇ ಗಾಳಿಯಲ್ಲಿ ನೇತಾಡುತ್ತಿವೆ. ಆದರೆ ನಾಲ್ಕು ಡಬ್ಬಿ ಇಪ್ಪತ್ತೆರಡು ಅನ್ನುತ್ತಿವೆ. ಮೈ ನಡುಗುವ ಚಳಿಯಲ್ಲಿ ಇಪ್ಪತ್ತೆರಡು! ಮಲಕಪ್ಪ ಅವುಗಳಲ್ಲಿ ಒಂದನ್ನು ಬಿಚ್ಚಿ, ಹಲಗೆಯನ್ನು ಮಣೆಯ ಮೇಲೆ ಒತ್ತಿದ. ಹನ್ನೊಂದು. ಮಣೆಯಿಂದ ಎತ್ತಿದ. ಇಪ್ಪತ್ತೆರಡು. ಒತ್ತಿದ, ಹನ್ನೊಂದು. ಎತ್ತಿದ, ಇಪ್ಪತ್ತೆರಡು. ಹೊರಗೆ ಟ್ಯಾಂಕರಿನವನು ಹಾರ್ನ್ ಹೊಡೆದು ಹೊಡೆದು ಬೈಯುತ್ತಿದ್ದ, ಇವನಿಗೆ ಕೇಳಿಸಲಿಲ್ಲ. ಹನ್ನೊಂದರ ಇಮ್ಮಡಿ ಇಪ್ಪತ್ತೆರಡು. ನಾಲ್ಕರ ಇಮ್ಮಡಿ ಎಂಟು.

ಎಂಟೂವರೆಗೆ ತಗಡಿನ ಮೇಲೆ ಬಿಸಿಲು ಬಿತ್ತು. ಒಂದೊಂದಾಗಿ ನಾಲ್ಕೂ ಡಬ್ಬಿ ಸಾಲಿನಲ್ಲಿದ್ದ ಉಳಿದವುಗಳ ಮಾತಿಗೆ ಬಂದವು. ಒಂಬತ್ತಕ್ಕೆ ಬಂದವರ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ, ಇಷ್ಟು ವರ್ಷ ಬಿದ್ದೂ ಇರಲಿಲ್ಲ.

ಡಬ್ಬಿಗಳ ಒಳಗಿನ ಪ್ರೋಗ್ರಾಂ ನೋಡಿಕೊಳ್ಳುವವಳು ಇಂಪನಾ, ಮೈಸೂರಿನ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಮಲಕಪ್ಪ ಮರುದಿನ ಬೆಳಿಗ್ಗೆ ಆರಕ್ಕೆ ಅವಳನ್ನು ಕರೆಸಿದ. ಅವಳು ಆಕಳಿಸುತ್ತಲೇ ತಂತಿಯಲ್ಲಿ ಹರಿಯುವ ಸಂಕೇತವನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪಿನ ಮೊನೆಯನ್ನು ಡೇಟಾ ತಂತಿಗೆ ತಾಗಿಸಿದಳು. ತಾಗಿಸಿದ ಕೂಡಲೇ ಇಪ್ಪತ್ತೆರಡು ಹೋಗಿ ಹನ್ನೊಂದು ಬಂತು.

‘ಅಂಕಲ್, ನೋಡೋಕೆ ಹೋದ್ರೆ ಸರಿಹೋಗತ್ತೆ!’ ಅವಳ ನಿದ್ದೆ ಹಾರಿತು. ಲ್ಯಾಪ್‌ಟಾಪ್ ತೆಗೆದಳು, ಉಷ್ಣತೆ ಅಳೆಯುವ ಚಿಪ್ಪಿನ ಕಾಗದಪತ್ರ ತೆಗೆದಳು, ಎರಡನ್ನೂ ಪಕ್ಕಪಕ್ಕ ಇಟ್ಟಳು. ಸಾಲು ಸಾಲಿಗೆ ಬೆರಳಿಟ್ಟು ಓದಿದಳು. ಆಮೇಲೆ, ‘ಅಯ್ಯೋ ದೇವರೇ’ ಎಂದಳು.

ಅವಳು ಕಾಗದದ ಮೇಲೆ ಬರೆದು ತೋರಿಸಿದಳು. ಅಳೆಯುವ ಚಿಪ್ಪು ಮತ್ತು ಅದನ್ನು ಓದುವ ಕಂಟ್ರೋಲರು, ಇಬ್ಬರ ನಡುವೆ ಒಂದು ಕ್ಲಾಕ್ ತಂತಿ, ಒಂದು ಡೇಟಾ ತಂತಿ. ಕ್ಲಾಕ್ ಏರುತ್ತದೆ, ಇಳಿಯುತ್ತದೆ. ಪ್ರತಿ ಏರಿಳಿತಕ್ಕೆ ಒಂದು ಬಿಟ್, ಅಂದರೆ ಒಂದು ಸೊನ್ನೆ ಅಥವಾ ಒಂದು, ದಾಟುತ್ತದೆ.

‘ಎರಡು ಸೆಟ್ಟಿಂಗ್ ಇರತ್ತೆ ಅಂಕಲ್. ಒಂದು ಪೊಲಾರಿಟಿ. ಕೆಲಸ ಇಲ್ಲದಾಗ ಕ್ಲಾಕ್ ಕೆಳಗೆ ಕೂತಿರತ್ತೋ, ಮೇಲೋ ಅಂತ. ಇನ್ನೊಂದು ಫೇಸ್. ಕ್ಲಾಕಿನ ಮೊದಲನೇ ಅಂಚಲ್ಲಿ, ಅಂದ್ರೆ ಅದು ಮೊದಲು ಏರೋ ಇಲ್ಲಾ ಇಳಿಯೋ ಕ್ಷಣದಲ್ಲಿ, ಓದ್ಬೇಕೋ, ಎರಡನೇ ಅಂಚಲ್ಲೋ ಅಂತ. ಒಂದು ಅಂಚಲ್ಲಿ ಚಿಪ್ ಬಿಟ್ ಬದಲಿಸ್ಬೇಕು, ಇನ್ನೊಂದು ಅಂಚಲ್ಲಿ ಕಂಟ್ರೋಲರ್ ಓದ್ಬೇಕು. ಇಬ್ರೂ ಒಂದೇ ಒಪ್ಪಂದಕ್ಕೆ ಬಂದಿರ್ಬೇಕು. ಇಲ್ಲಿ ಪೊಲಾರಿಟಿ ಸರಿಯಿದೆ, ಫೇಸ್ ತಪ್ಪಿದೆ.’

‘ಇಷ್ಟ ವರ್ಷ ಹ್ಯಾಂಗ ನಡೀತು?’

‘ಹಳೇ ಚಿಪ್ ಕ್ಲಾಕ್ ಏರುವಾಗ ಬಿಟ್ ಬದಲಿಸ್ತಿತ್ತು, ನಾವು ಇಳಿಯುವಾಗ ಓದ್ತಿದ್ವಿ. ಸರಿ ಇತ್ತು. ಮೂರು ವರ್ಷದ ಹಿಂದೆ ಆ ಚಿಪ್ ಸಿಗದೇ ಇದ್ದಾಗ ಬೇರೆ ಕಂಪನಿದು ಹಾಕಿದಾರೆ. ಕಾಲುಗಳೆಲ್ಲಾ ಅದೇ ಜಾಗದಲ್ಲಿವೆ, ಹಾಗೇ ಕೂತಿದೆ. ಆದ್ರೆ ಅದು ಇಳಿಯುವಾಗ ಬದಲಿಸತ್ತೆ, ಏರುವಾಗ ಓದ್ಬೇಕು. ನಮ್ಮ ಪ್ರೋಗ್ರಾಂ ಯಾರೂ ಮುಟ್ಟಿಲ್ಲ. ಅದು ಬದಲಿಸೋ ಅಂಚಲ್ಲೇ ನಾವು ಓದ್ತಾ ಇದ್ದೀವಿ.’

ಮಲಕಪ್ಪ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡ. ‘ಅಂದರ, ಮಾಸ್ತರ ಹಲಗಿ ಮ್ಯಾಲ ಒಂದು ಅಕ್ಷರಾ ಒರಿಸಿ ಮುಂದಿಂದು ಬರಿಯೂ ಹೊತ್ತಿಗೇ ಹುಡುಗ ತಲಿ ಎತ್ತಿ ನೋಡಿದಂಗ. ಮಾಸ್ತರ ಸಾವಕಾಶ ಇದ್ದರ, ಒರಿಸೂ ಮೊದಲಿನ ಅಕ್ಷರ ಸಿಗ್ತದ. ಉತ್ರ ಸರಿ. ಮಾಸ್ತರ ಚುರುಕ ಆದನಂದರ, ಒಂದು ಅಕ್ಷರ ತಪ್ಪಿ ಮುಂದಿಂದು ಸಿಗ್ತದ.’

‘ಎಕ್ಸಾಕ್ಟ್ಲಿ ಅಂಕಲ್. ಚಳಿಗೆ ಚಿಪ್ ಸ್ವಲ್ಪ ಚುರುಕಾಗತ್ತೆ. ಕೆಲವು ಚಿಪ್ ಹುಟ್ಟಾ ಚುರುಕು. ಎಲ್ಲಾ ಬಿಟ್ಟೂ ಒಂದೊಂದು ಮನೆ ಎಡಕ್ಕೆ ಸರಿಯತ್ತೆ. ನಮ್ಮ ಹತ್ತರ ಲೆಕ್ಕದಲ್ಲಿ ಒಂದು ಮನೆ ಸರಿದ್ರೆ ಹತ್ತು ಪಟ್ಟು, ಅದರ ಲೆಕ್ಕದಲ್ಲಿ ಎರಡು ಪಟ್ಟು. ನಿಮ್ಮ ಮಣೆ ಕೇಬಲ್ ಇದೆಯಲ್ಲಾ, ಅದರ ಭಾರಕ್ಕೆ ಡೇಟಾ ತಂತಿ ಬದಲಾಗೋದು ತಡ ಆಗತ್ತೆ. ನನ್ನ ಮೊನೆ ಇಟ್ಟಾಗಲೂ ಅಷ್ಟೇ. ಆವಾಗ ಹಳೇ ಬಿಟ್ಟೇ ಸಿಗತ್ತೆ.’

ಹೇಳಬಾರದ್ದನ್ನು ಹೇಳಿಬಿಟ್ಟೆ ಅಂತ ಅವಳಿಗೇ ಅನಿಸಿತು. ಮಣೆಯ ಮೇಲೆ ಇಟ್ಟಷ್ಟು ಹೊತ್ತು ಪ್ರತಿಯೊಂದು ಡಬ್ಬಿಯೂ ಸತ್ಯ ಹೇಳುತ್ತದೆ. ಎತ್ತಿ ಕಳಿಸಿದ ಮೇಲೆ ಯಾವುದು, ಯಾವ ಊರಲ್ಲಿ, ಯಾವ ಚಳಿಗೆ ಸುಳ್ಳು ಹೇಳುತ್ತದೆಯೋ! ಮೂರು ವರ್ಷದಲ್ಲಿ ಮಲಕಪ್ಪ ಠಸ್ಸೆ ಒತ್ತಿದ್ದು ಎರಡು ಸಾವಿರಕ್ಕೂ ಮೇಲೆ. ಅದರಲ್ಲಿ ಎಷ್ಟು ಕಡೆ ರಾತ್ರಿ ಪಾಳಿಯವನ ಮೇಲೆ ಗೂಬೆ ಕೂತಿದೆಯೋ, ಅದಕ್ಕೆ ಲೆಕ್ಕ ಇಟ್ಟವರಿಲ್ಲ. ಇಂಪನಾ ಪ್ರೋಗ್ರಾಮಿನಲ್ಲಿ ಒಂದು ಅಂಕಿ ಬದಲಿಸಿದಳು, ಒಂದಿದ್ದಲ್ಲಿ ಸೊನ್ನೆ. ನಾಲ್ಕೂ ಡಬ್ಬಿ ಅದೇ ಚಳಿಯಲ್ಲಿ ಹನ್ನೊಂದು ತೋರಿಸಿದವು. ಒಂದು ಅಂಕಿ, ಥೂ!

ಮಲಕಪ್ಪ ಶೆಡ್ಡಿನ ಹಿಂದೆ ಹೋಗಿ, ನೀರಿನ ಟಾಕಿಯ ಬಳಿ ಕೂತು ಅತ್ತ. ಐವತ್ನಾಲ್ಕು ವರ್ಷದ ಗಂಡಸು, ಮಫ್ಲರು ಬಾಯಿಗೆ ತುರುಕಿಕೊಂಡು ಅತ್ತ. ಅತ್ತು ಮುಗಿದ ಮೇಲೆ ಅವನಿಗೆ ಬೇಕಾದದ್ದು ಒಂದೇ: ಸುಂದರನ ತಪ್ಪಿಲ್ಲ ಎಂದು ಬರೆದ ಒಂದು ಕಾಗದ.

ಶರ್ವರಿ ಮೇಡಂ ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಹೆಂಗಸಲ್ಲ ಅವರು. ಮಲಕಪ್ಪನ ಮುಂದೆ ಚಹಾ ತಾವೇ ಸರಿಸಿಟ್ಟರು. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ‘ಮಲಕಪ್ಪಾ ಕಾಕಾ, ಹೊಸ ಪ್ರೋಗ್ರಾಂ ಎಲ್ಲ ಕಡೆ ಹಾಕಿಸೋಣ. ವರ್ಷದ ಸರ್ವಿಸ್ ಎಂದು ಹುಡುಗರನ್ನು ಕಳಿಸುತ್ತೇನೆ, ದೌಂಡಕ್ಕೆ ಮೊದಲು. ಆದರೆ ಕಾಗದ ಕೇಳಬೇಡಿ. ಅಲ್ಲಿ ಒಬ್ಬಳು ಸತ್ತಿದ್ದಾಳೆ. ನಾನು ಬರೆದುಕೊಟ್ಟ ದಿನವೇ ಈ ಶೆಡ್ಡಿಗೆ ಬೀಗ. ಇದನ್ನು ನಂಬಿ ಮೂವತ್ತು ಮನೆಗಳಿವೆ.’

‘ಮೇಡಂ, ಒಂದು ಮನೆ ಆಗಲೇ ಮುಳುಗಿದೆ’ ಎಂದ ಮಲಕಪ್ಪ, ಅವನೂ ಮರಾಠಿಯಲ್ಲಿ.

‘ಗೊತ್ತು ಕಾಕಾ’ ಎಂದು ಅವರು ಕಿಟಕಿ ಕಡೆ ಮುಖ ಮಾಡಿದರು. ಚಹಾ ಆರಿತು.

ಇಂಪನಾಗೆ ಮಾತ್ರ ಇನ್ನೂ ಒಂದು ದಾರಿ ಕಂಡಿತ್ತು. ಡಬ್ಬಿಯ ನೆನಪಿನಲ್ಲಿ ಒಂದು ತಿಂಗಳಿನದು ಮಾತ್ರ ಉಳಿಯುತ್ತದೆ, ಅದು ಅಳಿಸಿಹೋಗಿದೆ. ಆದರೆ ಕಾಗದದ ಸುರುಳಿ ಇದೆಯಲ್ಲ! ಚಿಪ್ಪು ಡಿಗ್ರಿಯನ್ನು ಹದಿನಾರು ಪಾಲು ಮಾಡಿ ಅಳೆಯುತ್ತದೆ. ಸುಳ್ಳು ಅಂಕಿ ಎಂದರೆ ಇಮ್ಮಡಿಯಾದದ್ದು, ಇಮ್ಮಡಿಯಾದದ್ದು ಆ ಪಾಲುಗಳ ಲೆಕ್ಕದಲ್ಲಿ ಯಾವತ್ತೂ ಸರಿಸಂಖ್ಯೆ. ಕೊನೆಯ ಬಿಟ್ಟಿಗೆ ಚಿಪ್ಪಿನ ಹತ್ತಿರ ಹೇಳಲು ಏನೂ ಉಳಿದಿರುವುದಿಲ್ಲ, ಸೊನ್ನೆ ಬೀಳುತ್ತದೆ. ‘ಏಳು ದಿನದ ಬೆಳಗಿನ ಅಂಕಿಯಲ್ಲಿ ಒಂದೂ ಬೆಸಸಂಖ್ಯೆ ಇಲ್ಲ ಅಂದ್ರೆ, ಅಂಕಲ್, ಬಾಗಿಲು ತೆಗೆದದ್ದಲ್ಲ, ಯಂತ್ರದ್ದೇ ತಪ್ಪು. ಯಾರೂ ಅಲ್ಲ ಅನ್ನೋಕಾಗಲ್ಲ. ಸುರುಳಿದು ಫೋಟೊ ಕಳಿಸಿ, ಮೇಡಂ ಬೈದ್ರೆ ಬೈಲಿ, ನಾನು ಬರ್ಕೊಡ್ತೀನಿ’ ಎಂದಳು.

ಮಲಕಪ್ಪ ರಜೆ ಹಾಕಿ ಬೆಳಗಿನ ಸೊಲ್ಲಾಪುರದ ಗಾಡಿ ಹತ್ತಿದ. ದೌಂಡ ಬರುವವರೆಗೆ ಕೂತ ಜಾಗದಿಂದ ಏಳಲಿಲ್ಲ. ಭುಜಂಗರಾವರಿಗೆ ಎಲ್ಲ ಹೇಳಿದ, ಒಂದು ಮಾತನ್ನೂ ಮುಚ್ಚಲಿಲ್ಲ. ಕೈ ಮುಗಿದ. ಅವರು ತಲೆ ತುರಿಸಿಕೊಂಡು, ಕೀಲಿ ಹುಡುಕಿ, ಮೇಲಿನ ಕೋಣೆಯ ಕಬ್ಬಿಣದ ಕಪಾಟಿನಿಂದ ವಿಚಾರಣೆಯ ಫೈಲು ತರಿಸಿದರು. ಸುರುಳಿಯ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದರು. ಏಳು ತುಂಡು, ಏಳರ ಮೇಲೂ ದಿನಾಂಕ ಪೆನ್ನಿನಲ್ಲಿ ಬರೆದದ್ದು ಸ್ಪಷ್ಟ. ಅಚ್ಚಿನ ಅಂಕಿಗಳು ಒಂದೂ ಇಲ್ಲ. ಆ ಕಾಗದದ ಅಚ್ಚು ಶಾಯಿಯದಲ್ಲ, ಕಾವಿನದು, ಬಸ್ಸಿನ ಟಿಕೆಟಿನ ಹಾಗೆ ತಾನಾಗಿ ಮಾಸುವಂಥದು. ದೌಂಡದ ಬೇಸಿಗೆ ತಗಡಿನ ಕೆಳಗೆ ಅದನ್ನೆಲ್ಲ ನೆಕ್ಕಿಬಿಟ್ಟಿತ್ತು. ಮಲಕಪ್ಪ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದ, ಓರೆ ಮಾಡಿದ, ಕನ್ನಡಕ ತೆಗೆದು ನೋಡಿದ.

‘ಫೈಲಿನಾಗ ಏನು ಬರದದ?’

ಭುಜಂಗರಾವ್ ಓದಿದರು: ‘ಏಳು ದಿನ ಎಂಟು ಡಿಗ್ರಿ ಮೀರಿದೆ. ಬಾಗಿಲು ತೆರೆದದ್ದನ್ನು ನೌಕರ ಒಪ್ಪಿದ್ದಾನೆ. ಯಂತ್ರ ನಿರ್ದೋಷಿ.’ ತಲೆ ಎತ್ತಿ, ‘ಇದು ನಿಮ್ಮದs ಪತ್ರ, ಮಲಕಪ್ಪನವರs’ ಎಂದರು. ಆಮೇಲೆ ಫೈಲು ಮುಚ್ಚಿದರು. ‘ಕಂಪನೀ ಕಾಗದಾ ತರ್ರಿ, ನಾ ಟ್ರಸ್ಟಿನವರ ಮುಂದ ಇಡ್ತೀನಿ. ಬಾಯಿಮಾತಿಗೆ ಫೈಲ್ ತಗಿಯೂದು ಆಗೂದಿಲ್ರಿ. ಹ್ವಾದ ವಾರ ನಿಮ್ಮ ಹುಡುಗ್ರು ಬಂದು ಸರ್ವಿಸ್ ಮಾಡಿ ಹೋದ್ರು. ಈಗ ಡಬ್ಬಿ ಛಲೋ ನಡದದ.’

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಳೆಯ ಪ್ರೋಗ್ರಾಂ ಅಳಿಸಿದ ಮೇಲೆ ಡಬ್ಬಿಯಲ್ಲೂ ಸಾಕ್ಷಿ ಉಳಿದಿರಲಿಲ್ಲ. ಕಾಗದ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಮಲಕಪ್ಪ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಗಟ್ಟಿ ಮಾಡಿಕೊಂಡದ್ದು ಇಷ್ಟೇ: ಊರಿಗೆ ಹೇಳಲಾಗದಿದ್ದರೆ ಹೋಗಲಿ, ಅವನಿಗಾದರೂ ಹೇಳುತ್ತೇನೆ. ನಿನ್ನ ಕೈ ತಪ್ಪು ಮಾಡಿಲ್ಲ ಅಂತ ಅವನ ಕಿವಿಗೆ ಹಾಕಿದರೆ ಅವನ ಎದೆಯಾದರೂ ಹಗುರಾದೀತು. ಬೈಯಲಿ, ಚಪ್ಪಲಿಯಿಂದ ಹೊಡೆಯಲಿ.

ಸುಂದರನ ಮನೆ ರೈಲ್ವೆ ಗೇಟಿನ ಆಚೆ. ಮಾಧುರಿ ಬಾಗಿಲು ತೆಗೆದಳು, ‘ಬರ್ರಿ ಅಣ್ಣಾ’ ಎಂದು ಚಾಪೆ ಹಾಸಿದಳು, ಮುಖ ನೋಡಲಿಲ್ಲ. ಸುಂದರ ಪಾರ್ಸಲ್ ಗಾಡಿಯಲ್ಲಿ ಮೂಟೆ ಹೊರುವ ಕೆಲಸ ಹಿಡಿದಿದ್ದ, ಊಟಕ್ಕೆಂದು ಬಂದಿದ್ದ. ಅರ್ಧ ಆಗಿಹೋಗಿದ್ದ. ಗೋಡೆಗೆ ಒರಗಿ, ಮಲಕಪ್ಪ ಹೇಳುವುದನ್ನೆಲ್ಲ ಕೇಳಿದ. ಮಲಕಪ್ಪ ಕ್ಲಾಕಿನ ತಂತಿ ಹೇಳಿದ, ಅಂಚು ಹೇಳಿದ, ಮಾಸ್ತರ ಮತ್ತು ಹಲಗೆ ಹೇಳಿದ, ಚಳಿ ಹೇಳಿದ. ‘ನಿಂದು ಎಳ್ಳಷ್ಟೂ ತಪ್ಪಿಲ್ಲೋ ಸುಂದ್ರ. ರಕ್ತ ನಾಕs ಡಿಗ್ರಿಯೊಳಗ ಇತ್ತು. ನಿನ್ನ ಮುಳ್ಳs ಖರೆ. ನನ್ನ ಮಣಿ ಸುಳ್ಳು, ನಾ ಸುಳ್ಳು’ ಎಂದು ಅವನ ಪಾದಕ್ಕೆ ಕೈ ಹಾಕಲು ಹೋದ.

ಸುಂದರ ಕಾಲು ಹಿಂದೆ ಎಳೆದುಕೊಂಡ. ಸಿಟ್ಟು ಬರಲಿಲ್ಲ ಅವನಿಗೆ. ಬಂದಿದ್ದರೆ ಚೆನ್ನಾಗಿತ್ತು.

‘ಅಕ್ಕವ್ವ ಕಳಸ್ಯಾಳೇನ್ರಿ ಮಾಮಾ?’

‘ಇಲ್ಲೋ. ಖರೇನ ಹೇಳಾಕತ್ತೀನಿ.’

‘ಆಕಿಗೆ ಹೇಳ್ರಿ, ನಾ ಆರಾಮ ಅದೀನಂತ.’ ಸುಂದರ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ‘ಮೊದಮೊದಲ ನಾನೂ ಹಂಗs ಅಂದುಕೊಂಡಿದ್ದೆ, ಡಬ್ಬಿ ತಪ್ಪಿರಬೇಕು ಅಂತ. ಆದರ ನೀವು ಎರಡು ದಿನಾ ನೋಡಿ ಬರದ್ರಿ. ನಿಮ್ಮಂಥವರು ನನ್ನ ಸಲುವಾಗಿ ಸುಳ್ಳ ಬರಿಯವ್ರಲ್ಲ, ನನ್ನ ವಿರುದ್ಧನೂ ಸುಳ್ಳ ಬರಿಯವ್ರಲ್ಲ. ಆವಾಗ ಗೊತ್ತಾತು. ನಾನs ಬಾಗಿಲಾ ಬಿಟ್ಟೀನಿ. ನನಗ ನೆನಪಿಲ್ಲ, ಅಷ್ಟ. ತಲ್ಯಾಗ ಏನೋ ಹೋಗೇದ.’

‘ಸುಂದ್ರ, ನಾ ಬರದದ್ದs ತಪ್ಪು!’

‘ಆವತ್ತಿನದು ತಪ್ಪೊ, ಇವತ್ತಿಂದು ತಪ್ಪೊ, ನನಗ ಹ್ಯಾಂಗ ತಿಳೀಬೇಕ್ರಿ? ಕಾಗದಾ ಐತೇನು?’

ಕಾಗದ ಇರಲಿಲ್ಲ. ಮಾಧುರಿ ಒಳಗೆ ಪಾತ್ರೆ ಇಡುವ ಸದ್ದು ನಿಂತಿತು. ಸುಂದರ ಮುದುಕರನ್ನು ಸಮಾಧಾನ ಮಾಡುವವನ ಹಾಗೆ ಮಲಕಪ್ಪನ ಭುಜ ಮುಟ್ಟಿದ, ‘ಮನಸಿಗೆ ಹಚ್ಚಿಕೋಬ್ಯಾಡ್ರಿ, ಊಟಾ ಮಾಡಿ ಹೋಗ್ರಿ’ ಎಂದ. ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡ, ಕೆಲಸಕ್ಕೆ ಹೊತ್ತಾಗಿತ್ತು.

ಹೊಸ್ತಿಲು ದಾಟಿ ಎರಡು ಹೆಜ್ಜೆ ಹೋದವನು ತಿರುಗಿ ಬಂದ. ಕದವನ್ನು ಎಳೆದು ಹಾಕಿದ, ತಳ್ಳಿ ನೋಡಿದ, ಮತ್ತೆ ಎಳೆದ. ಕೈ ತೆಗೆಯದೆ ಹೊರಗಿನಿಂದಲೇ ಕೂಗಿದ:

‘ಮಾಧುರೀ, ಬಾಗಿಲಾ ಹಾಕೀನೇನು? ನೀನs ನೋಡಿ ಹೇಳವಾ.’